ವರದಿ ಬರೆದವರಿಗೆ ಶರಣು: ಪಡ್ರೆ ಊರಿನ ಇಪ್ಪತ್ತು ವರ್ಷ



ಹೋದ ವಾರ ನಮ್ಮ ಕಡೆಯ ಒಬ್ಬ ಪತ್ರಕರ್ತರು ಬರೆದ ವರದಿಯನ್ನು ನಿಮ್ಮಲ್ಲಿ ಬಹಳ ಮಂದಿ ಶೇರ್ ಮಾಡಿದ್ದೀರಿ. ಹುಮನಾಬಾದ ಮತ್ತು ಬಸವಕಲ್ಯಾಣದ ನಡುವಿನ ಒಂದೂರಿನಲ್ಲಿ ನಮ್ಮ ಕೇರಿಯವರಿಗೆ ಸ್ಮಶಾನಕ್ಕೆ ಹೋಗಲು ದಾರಿಯೇ ಇಲ್ಲ, ಮಳೆಗಾಲದಲ್ಲಿ ತೊಗರಿ ಹೊಲದ ಬದುವಿನ ಮೇಲೆ ಮೊಣಕಾಲ ಮಟ ಕೆಸರಿನಾಗ ಹೆಣ ಹೊರಬೇಕು ಅನ್ನೋ ಸುದ್ದಿ ಅದು. ನಾವು ಎಷ್ಟೋ ವರ್ಷ ಅರ್ಜಿ ಕೊಟ್ಟರೂ ಆಗದ್ದು, ಆ ಅರ್ಧ ಕಾಲಂ ಸುದ್ದಿ ಬಂದ ಮೂರನೇ ದಿನಕ್ಕೆ ಅಧಿಕಾರಿಗಳು ಜೀಪಿನಲ್ಲಿ ಬಂದು ಜಾಗ ನೋಡಿ ಹೋದರು. ಆ ಪತ್ರಕರ್ತರ ಹೆಸರು ಇಲ್ಲಿ ಹಾಕೋದಿಲ್ಲ, ಅವರೇ ಬೇಡ ಅಂದಾರ. ಆದರ ಅವರಿಗೆ ಶರಣು ಹೇಳದೆ ಇರೋದು ಆಗಲ್ಲ.

ಕೇರಿಯ ಹುಡುಗರು ಶಾಲು, ಹಾರ ತಂದಿದ್ದರು. ಒಬ್ಬ ತಮ್ಮ ನನಗೆ ಅಂದ: "ಅಣ್ಣಾ, ಪೇಪರ್‌ದಾಗ ಬಂದದ, ಇನ್ನ ಕೆಲಸ ಆದಂಗೇ." ಆ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ನಾನೂ ಒಂದು ಆಫೀಸಿನಲ್ಲಿ ಗುಮಾಸ್ತ. ಪೇಪರಿನ ತುಣುಕು ಆಫೀಸಿಗೆ ಬಂದ ಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತದ. ಅದನ್ನು ಬಿಳಿ ಹಾಳೆಗೆ ಅಂಟಿಸಿ, ಟಪಾಲಿನಲ್ಲಿ ಹತ್ತಿಸಿ, "ಪರಿಶೀಲಿಸಿ ವರದಿ ಸಲ್ಲಿಸಿ" ಅಂತ ಕೆಳಗಿನವರಿಗೆ ಕಳಿಸುತ್ತಾರೆ. ಕೆಳಗಿನವರು "ಸ್ಥಳ ಪರಿಶೀಲಿಸಲಾಗಿದೆ, ಕ್ರಮ ವಹಿಸಲಾಗುತ್ತಿದೆ" ಅಂತ ಒಂದು ಸಾಲು ಬರೆದು ಮೇಲಕ್ಕೆ ಕಳಿಸುತ್ತಾರೆ. ಎರಡು ಹಾಳೆ ಒಂದಕ್ಕೊಂದು ಕೂಡಿದವು, ಕಡತ ಮುಗೀತು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸ ಮಾಡಿಲ್ಲ.

ಆ ತಮ್ಮನಿಗೆ ಅವತ್ತು ಹೇಳಬೇಕಾಗಿದ್ದ ಒಂದು ಇತಿಹಾಸ ಇಲ್ಲಿ ಬರೀತೀನಿ. ಇದು ನಮ್ಮ ಬೀದರ ಜಿಲ್ಲೆಯದಲ್ಲ. ಕರ್ನಾಟಕದ್ದೂ ಅಲ್ಲ, ಆದರೆ ಕನ್ನಡಿಗರದ್ದು. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಅನ್ನೋ ಹಳ್ಳಿ ಇದೆ. ಕನ್ನಡ, ತುಳು, ಮಲಯಾಳ ಮಾತಾಡುವ ಮಂದಿ. ಆ ಊರಿನ ಒಂದು ಭಾಗದ ಹೆಸರೇ ಸ್ವರ್ಗ. ಅಲ್ಲಿನ ಅಡಿಕೆ ಕೃಷಿಕರೂ ಕನ್ನಡ ಪತ್ರಕರ್ತರೂ ಆದ ಶ್ರೀ ಪಡ್ರೆ ಅವರು ಒಂದೇ ವಿಷಯವನ್ನು ಎರಡು ಸಲ ಬರೆದರು. ಮೊದಲ ಸಲ ಏನೂ ಆಗಲಿಲ್ಲ. ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಎರಡನೇ ಸಲ ಬರೆದಾಗ ಜಗತ್ತೇ ತಿರುಗಿ ನೋಡಿತು. ಬರೆದವರು ಅವರೇ, ಊರು ಅದೇ, ವಿಷವೂ ಅದೇ. ಹಂಗಾದರೆ ನಡುವೆ ಬದಲಾಗಿದ್ದು ಏನು?

ಮೊದಲು ಆ ನೆಲ ಹೆಂಗದ ಅಂತ ತಿಳ್ಕೋಬೇಕು. ನಮ್ಮ ಕಡೆಯಂಗ ಬಯಲು ಅಲ್ಲ ಅದು. ಮೇಲೆ ಗುಡ್ಡ, ಕೆಳಗೆ ಕಣಿವೆ. ಗುಡ್ಡದ ಮೇಲೆಲ್ಲ ಸರ್ಕಾರದ ಗೋಡಂಬಿ ತೋಟ, ಅದನ್ನು ನೋಡಿಕೊಳ್ಳೋದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್. ಜಿಲ್ಲೆಯಲ್ಲಿ ಒಟ್ಟು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಮನೆಗಳು ಇರೋದು ಗುಡ್ಡದ ಬುಡದಲ್ಲಿ. ಮಂದಿ ಕುಡಿಯೋದು ತೋಡಿನ ನೀರು, ತೆರೆದ ಬಾವಿ ನೀರು, ಮತ್ತು ಸುರಂಗದ ನೀರು. ಸುರಂಗ ಅಂದ್ರ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಬಾವಿ, ಕಲ್ಲಿನ ಸಂದಿನಿಂದ ಜಿನುಗೋ ನೀರು ತಾನೇ ಹೊರಗೆ ಹರಿದು ಬರ್ತದ. ಗುಡ್ಡದ ಮೇಲೆ ಏನು ಬಿದ್ದರೂ ಒಂದಲ್ಲ ಒಂದು ದಿನ ಅದು ಬುಡದ ಮನೆಯ ಕೊಡಕ್ಕೆ ಇಳಿಯುತ್ತದೆ.

ಗೋಡಂಬಿ ಚಿಗುರು, ಹೂವಿಗೆ ಒಂದು ಕೀಟ ಹತ್ತುತ್ತದೆ, ಅದಕ್ಕೆ ಟೀ ಸೊಳ್ಳೆ ಅಂತಾರೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲು ಶುರು ಮಾಡಿದರು. 2000ದ ಕೊನೆಯವರೆಗೂ ಅದು ನಡೀತು. ಆಕಾಶದಿಂದ ವಿಷ ಹೊಡೆಯಲು ನಿಯಮಗಳಿದ್ದವು. ಮರದ ತುದಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ಮೊದಲೇ ಜನರಿಗೆ ತಿಳಿಸಬೇಕು, ನೀರಿನ ಮೂಲ ಮುಚ್ಚಬೇಕು. ಏರುಪೇರಿನ ಗುಡ್ಡದಲ್ಲಿ ಅಷ್ಟು ಕೆಳಗೆ ಹೆಲಿಕಾಪ್ಟರ್ ಹಾರಿಸೋದು ಹೆಂಗೆ? ಹರಿಯೋ ತೋಡನ್ನು ಯಾರು ಮುಚ್ಚುತ್ತಾರೆ? ಕಾಗದದ ಮೇಲೆ ನಿಯಮ ಇತ್ತು, ಆ ನೆಲದ ಮೇಲೆ ಅದನ್ನು ಪಾಲಿಸೋದು ಸಾಧ್ಯವೇ ಇರಲಿಲ್ಲ. ಇದನ್ನ ಓದಿದಾಗ ನನಗೆ ನಮ್ಮ ಆಫೀಸಿನ ಎಷ್ಟೋ ಸುತ್ತೋಲೆ ನೆನಪಾದವು.

1979ರ ಹೊತ್ತಿಗೆ ಆ ಊರಿನ ಒಬ್ಬ ರೈತರ ಕೊಟ್ಟಿಗೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಒಂದಲ್ಲ, ಮತ್ತೆ ಮತ್ತೆ. ಶ್ರೀ ಪಡ್ರೆ ಅದನ್ನು ಹೋಗಿ ನೋಡಿದರು. ಆ ದನ ಮೇಯುತ್ತಿದ್ದುದು ವಿಷ ಹೊಡೆದ ತೋಟದ ಹುಲ್ಲನ್ನು. ಅವರು ಅದನ್ನು ಬರೆದರು. ಮುಂದೆ 1980ರ ದಶಕದ ಆರಂಭದಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲೂ ಅವರ ಲೇಖನ ಬಂತು. ತಲೆಬರಹದ ಅರ್ಥ, ಗೋಡಂಬಿಗಿಂತ ಜೀವ ಅಗ್ಗ ಅಂತ. ಮನುಷ್ಯರ ಕಾಯಿಲೆಗಳು ಇನ್ನೂ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕರುವಿನ ಕಾಲು ನೋಡಿ ಮುಂದೆ ಬರೋದನ್ನ ಊಹಿಸಿದ ಬರಹ ಅದು.

ಆದರೆ ಹೆಲಿಕಾಪ್ಟರ್ ನಿಲ್ಲಲಿಲ್ಲ. ಪ್ರತಿ ವರ್ಷ ಬರ್ತಾನೇ ಇತ್ತು.

ಯಾಕೆ ನಿಲ್ಲಲಿಲ್ಲ ಅಂತ ನಾನು ಬಹಳ ಯೋಚನೆ ಮಾಡಿದೀನಿ. ವರದಿ ಸುಳ್ಳಿರಲಿಲ್ಲ. ಆದರೆ ಅದರ ಹಿಂದೆ ನಿಲ್ಲೋಕೆ ಏನೂ ಇರಲಿಲ್ಲ. ಮೂರು ಕರು ಸೊಟ್ಟ ಹುಟ್ಟಿದರೆ "ಯಾವುದೋ ರೋಗ" ಅಂತ ಒಂದು ಮಾತಿನಲ್ಲಿ ತಳ್ಳಿಹಾಕಬಹುದು. ಊರಿನಲ್ಲಿ ಎಷ್ಟು ಮನೆ, ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಅನ್ನೋ ಪಟ್ಟಿ ಇರಲಿಲ್ಲ. ನೀರು, ರಕ್ತ ಪರೀಕ್ಷೆ ಮಾಡಿಸಿದ ಚೀಟಿ ಇರಲಿಲ್ಲ. ಊರಿನ ಮಂದಿಯೇ ಅದನ್ನ ದೈವದ ಮುನಿಸು ಅಂತ ನಂಬಿದ್ದರು. ಮಗು ಬುದ್ಧಿಮಾಂದ್ಯ ಹುಟ್ಟಿದರೆ ನಾಗದೋಷ ಅನ್ನೋರು. ಮನೆಯೊಳಗೆ ಇಟ್ಕೊಂಡು ಮುಚ್ಚಿಡೋರು. ನಾಚಿಕೆಯನ್ನ ಮನೆಯೊಳಗೆ ಮುಚ್ಚಿಟ್ಟ ಊರಿನ ನೋವು ಲೆಕ್ಕಕ್ಕೆ ಹೇಗೆ ಸಿಗಬೇಕು?

1982ರಲ್ಲಿ ಆ ಊರಿನ ವಾಣೀನಗರಕ್ಕೆ ಡಾ. ವೈ.ಎಸ್. ಮೋಹನ್ ಕುಮಾರ್ ಅನ್ನೋ ಎಳೆಯ ವೈದ್ಯರು ಬಂದು ಸಣ್ಣ ದವಾಖಾನೆ ತೆಗೆದರು. ಸುತ್ತಲಿನ ಮನೆಗಳಿಗೆ ನಡೆದೇ ಹೋಗಿ ನೋಡೋರು. ಕೆಲವು ವರ್ಷದಲ್ಲಿ ಅವರಿಗೆ ಒಂದು ವಿಚಿತ್ರ ಕಾಣತೊಡಗಿತು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಮಂದಿಗೆ ಮೂರ್ಛೆ, ಬುದ್ಧಿಮಾಂದ್ಯ, ಕ್ಯಾನ್ಸರ್, ಮಾನಸಿಕ ಕಾಯಿಲೆ, ಹುಟ್ಟು ಅಂಗವೈಕಲ್ಯ ಯಾಕೆ? ಅದೂ ತೋಡಿನ ಪಕ್ಕದ ಮನೆಗಳಲ್ಲೇ ಹೆಚ್ಚು ಯಾಕೆ? ನೀರಿನಲ್ಲಿ ಏನೋ ಇದೆ ಅಂತ ಅವರಿಗೆ ಅನಿಸಿತು, ಆದರೆ ಅದು ಏನು ಅಂತ ಬಹಳ ಕಾಲ ಹೊಳೆಯಲಿಲ್ಲ. ಯಾರಾದರೂ ಬಂದು ಅಧ್ಯಯನ ಮಾಡಿ ಅಂತ 1990ರ ದಶಕದಲ್ಲಿ ಅವರು ವೈದ್ಯರ ಪತ್ರಿಕೆಗೆ ಬರೆದರು. ಯಾರೂ ಬರಲಿಲ್ಲ.

ಅದೇ ಜಿಲ್ಲೆಯ ಇನ್ನೊಂದು ಕಡೆ, ಪೆರಿಯದಲ್ಲಿ, ಲೀಲಾಕುಮಾರಿ ಅಮ್ಮ ಅನ್ನೋ ಕೃಷಿ ಇಲಾಖೆಯ ಒಬ್ಬ ನೌಕರಿ ಹೆಣ್ಣುಮಗಳು ಇದ್ದರು. ತೋಟದ ಪಕ್ಕ ಮನೆ ಕಟ್ಟಿಸಿಕೊಂಡ ಮೇಲೆ ತಮಗೂ ಮನೆಯವರಿಗೂ ಆರೋಗ್ಯ ಕೆಟ್ಟಿತು, ಅಣ್ಣನೂ ತೀರಿಕೊಂಡರು. ಅವರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ನೆನಪಿರಲಿ, ಇದು ಚಿತ್ರದುರ್ಗದ ಹೊಸದುರ್ಗ ಅಲ್ಲ, ಕಾಸರಗೋಡಿನದು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು ಸರ್ಕಾರದ ನಿಗಮದ ಮೇಲೆ ದಾವೆ ಹಾಕೋದು ಅಂದ್ರ ಏನು ಅಂತ ನನ್ನಂಥ ಗುಮಾಸ್ತನಿಗೆ ಗೊತ್ತಾಗುತ್ತದೆ. ಇವತ್ತಿಗೂ ನಾನು ಪೋಸ್ಟ್ ಹಾಕೋ ಮುಂಚೆ ಎರಡು ಸಲ ಓದಿ ನೋಡ್ತೀನಿ.

ಈ ಎಳೆಗಳು ಒಂದಾಗಿದ್ದು 2000ದ ಕೊನೆಗೆ. ಶ್ರೀ ಪಡ್ರೆ ಮತ್ತು ಡಾ. ಮೋಹನ್ ಕುಮಾರ್ ನೆರೆಹೊರೆಯವರು. ಪತ್ರಕರ್ತರಿಗೆ ಹಳೆಯ ಕರುಗಳ ನೆನಪಿತ್ತು, ವೈದ್ಯರ ಹತ್ತಿರ ರೋಗಿಗಳ ದಾಖಲೆ ಇತ್ತು. ಇಬ್ಬರೂ ಕೂತು ಹೋಲಿಸಿ ನೋಡಿದರು. ತೋಡಿನ ಇಕ್ಕೆಲದ ಮನೆ ಮನೆಯ ಲೆಕ್ಕ ತೆಗೆದರು, ಯಾವ ಮನೆಯಲ್ಲಿ ಯಾರು, ಯಾವ ಕಾಯಿಲೆ, ಎಷ್ಟು ವಯಸ್ಸು ಅಂತ. ಊರಿನ ಮಂದಿ ಸೇರಿ ಎಸ್ಪಾಕ್ ಅನ್ನೋ ಎಂಡೋಸಲ್ಫಾನ್ ಸಿಂಪಡಣೆ ವಿರೋಧಿ ಸಮಿತಿ ಮಾಡಿಕೊಂಡರು. ಆಗ ಇಂಟರ್ನೆಟ್ ಹಳ್ಳಿಗೆ ಆಗತಾನೆ ಬರ್ತಿತ್ತು. ಶ್ರೀ ಪಡ್ರೆ ಇಮೇಲಿನಲ್ಲಿ ದೇಶ ವಿದೇಶದ ಪತ್ರಕರ್ತರಿಗೆ, ಸಂಸ್ಥೆಗಳಿಗೆ ವಿಷಯ ಕಳಿಸಿದರು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಪಡ್ರೆಯಿಂದ ನೀರು, ಮಣ್ಣು, ತರಕಾರಿ, ರಕ್ತ, ತಾಯಿಯ ಹಾಲಿನ ಮಾದರಿ ತಗೊಂಡು ಪರೀಕ್ಷಿಸಿತು. ಎಲ್ಲದರಲ್ಲೂ ಎಂಡೋಸಲ್ಫಾನ್ ಸಿಕ್ಕಿತು. 2001ರ ಫೆಬ್ರವರಿಯಲ್ಲಿ ಅವರ 'ಡೌನ್ ಟು ಅರ್ತ್' ಪತ್ರಿಕೆ ಅದನ್ನೇ ಮುಖ್ಯ ಸುದ್ದಿ ಮಾಡಿತು. ಹಾಲು ಕುಡಿಸೋ ತಾಯಿಗೆ ತನ್ನ ಎದೆಹಾಲಿನಲ್ಲಿ ವಿಷ ಇದೆ ಅಂತ ಗೊತ್ತಾದ ದಿನ ಹೆಂಗಿರಬೇಕು, ನೀವೇ ಯೋಚಿಸಿ.

ಇಲ್ಲಿಂದ ಕಥೆ ಸುಖವಾಗಿ ಮುಗೀತು ಅಂತ ತಿಳಿಬ್ಯಾಡ್ರಿ. ಕೂಡಲೇ ಎದುರು ಪರೀಕ್ಷೆ ಬಂತು. ತೋಟದ ನಿಗಮದ ಪರವಾಗಿ ಬೇರೆ ಪ್ರಯೋಗಾಲಯ ಮಾದರಿ ಪರೀಕ್ಷಿಸಿ, ಅಂಥದ್ದೇನೂ ಇಲ್ಲ ಅಂದಿತು. ಒಂದು ಸಮಿತಿ ನಿಷೇಧಿಸಿ ಅಂದರೆ ಇನ್ನೊಂದು ಸಮಿತಿ ತಪ್ಪೇನಿಲ್ಲ ಅಂದಿತು. ಇವತ್ತಿಗೂ, ಇಷ್ಟೆಲ್ಲ ಕಾಯಿಲೆಗೆ ಎಂಡೋಸಲ್ಫಾನೇ ಕಾರಣ ಅಂತ ಸಾಬೀತಾಗಿಲ್ಲ ಅನ್ನೋ ವಿಜ್ಞಾನಿಗಳು ಇದ್ದಾರೆ. ಸಾಮಾನ್ಯರಾದ ನಾವು ಯಾರನ್ನ ನಂಬಬೇಕು? ನನಗೆ ಗಟ್ಟಿ ಅನಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಯಾಕಂದ್ರ ಅವರು ಬರೀ ಪಡ್ರೆಯನ್ನ ನೋಡಲಿಲ್ಲ. ಸುಮಾರು 20 ಕಿ.ಮೀ. ದೂರದ, ಅದೇ ಥರದ ಮಂದಿ ಇರೋ, ಆದರೆ ಹೆಲಿಕಾಪ್ಟರ್ ಹಾರದ ಊರಿನ ಮಕ್ಕಳನ್ನೂ ನೋಡಿದರು. ಈ ಕಡೆಯ 117 ಹುಡುಗರು, ಆ ಕಡೆಯ 90 ಹುಡುಗರು. ಸಿಂಪಡಣೆ ನಿಂತು ಹತ್ತು ತಿಂಗಳಾದ ಮೇಲೂ ಪಡ್ರೆ ಕಡೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಬಹಳ ಹೆಚ್ಚು ಇತ್ತು, ಅವರು ಪ್ರಾಯಕ್ಕೆ ಬರೋದೂ ತಡವಾಗಿತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಎರಡು ಊರು ಪಕ್ಕ ಪಕ್ಕ ಇಟ್ಟು ನೋಡಿದ್ದೇ ಅದರ ಬಲ. ಒಂದೇ ಊರಿನ ನೋವನ್ನ ಯಾರಾದರೂ ಹಣೆಬರಹ ಅಂತ ಹೇಳಿ ಮುಗಿಸಬಹುದು. ಪಕ್ಕದೂರಿನ ಲೆಕ್ಕ ಜೊತೆಗಿಟ್ಟರೆ ಆ ಮಾತು ನಡೆಯೋದಿಲ್ಲ.

ಇನ್ನು ಉಳಿದದ್ದು ಬೇಗ ಹೇಳ್ತೀನಿ. ಕೇರಳದಲ್ಲಿ ಬಳಕೆ ನಿಂತಿತು. ಕರ್ನಾಟಕದಲ್ಲೂ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತ ಗೋಡಂಬಿ ತೋಟಕ್ಕೆ ಇದೇ ವಿಷ ಹೊಡೆದಿದ್ದರು, ಅಲ್ಲಿನ ಮಂದಿಯೂ ಎದ್ದು ಕೂತರು. 2011ರಲ್ಲಿ ನಮ್ಮ ರಾಜ್ಯ ನಿಷೇಧ ಹೇರಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಜಗತ್ತಿನಿಂದಲೇ ಎಂಡೋಸಲ್ಫಾನ್ ತೆಗೆಯೋ ಪಟ್ಟಿಗೆ ಸೇರಿಸಿತು, ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಕರುಗಳ ವರದಿಯಿಂದ ಇಲ್ಲಿಗೆ ಮೂವತ್ತು ವರ್ಷದ ಮೇಲಾಯಿತು.

ಆದರೆ ಪರಿಹಾರದ ಕಥೆ ನೋಡ್ರಿ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ 5 ಲಕ್ಷ ಮತ್ತು 3 ಲಕ್ಷದ ಪರಿಹಾರ ಕೊಡಿ ಅಂದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂತ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಮತ್ತೆ ಕೋರ್ಟಿನ ಮುಂದೆ ಬಂದಾಗ ಲೆಕ್ಕ ಏನಿತ್ತು ಗೊತ್ತೇನು? 3,704 ಸಂತ್ರಸ್ತರಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಅವರು ಕೋರ್ಟಿಗೆ ಹೋದವರು. ಮಿಕ್ಕವರ ಹತ್ತಿರ ದೆಹಲಿಗೆ ಹೋಗೋ ಶಕ್ತಿ ಇರಲಿಲ್ಲ. ನ್ಯಾಯಾಲಯ ಸಿಟ್ಟಾದ ಮೇಲೆ ಕಡತ ಅಲುಗಾಡಿತು.

ಒಂದು ಮಾತು ನಮ್ಮವರು ಕೇಳೇ ಕೇಳ್ತೀರಿ: ಇದು ದಲಿತರ ಕಥೆ ಹೆಂಗಾಯ್ತು ಅಣ್ಣಾ ಅಂತ. ಖರೇ ಹೇಳಬೇಕಂದ್ರ, ವಿಷ ಜಾತಿ ಕೇಳಿ ಬೀಳಲಿಲ್ಲ. ಅಡಿಕೆ ತೋಟದವರ ಮನೆಗೂ ಬಿತ್ತು, ಕೂಲಿಯವರ ಮನೆಗೂ ಬಿತ್ತು. ಅದನ್ನ ಮುಚ್ಚಿಟ್ಟು ನಾನು ಬರೆಯೋದಿಲ್ಲ. ಆದರೆ ಬಿದ್ದ ಮೇಲೆ ಏನಾಗ್ತದ ಅನ್ನೋದರಲ್ಲಿ ಜಾತಿ ಇದೆ, ಭೂಮಿ ಇದೆ. ಹೊಲ ಇದ್ದವನು ಬೇರೆ ಕಡೆ ಬಾವಿ ತೋಡಿಸುತ್ತಾನೆ, ಮಂಗಳೂರಿನ ದೊಡ್ಡ ದವಾಖಾನೆಗೆ ಹೋಗುತ್ತಾನೆ. ತೋಟದಲ್ಲೇ ಕೂಲಿ ಮಾಡಿ, ಕಾಲನಿಯಲ್ಲಿ ಇರುವವಳು ಮಲಗಿದ ಮಗನನ್ನ ಬಿಟ್ಟು ಕೂಲಿಗೂ ಹೋಗೋಕಾಗಲ್ಲ. ವರದಿ ಓದೋವಾಗ ಈ ಎರಡನ್ನೂ ಬೇರೆ ಬೇರೆ ನೋಡಬೇಕು.

ಇನ್ನೊಂದು, ನಮ್ಮ ಮಂದಿಗೆ ಪತ್ರಿಕೆಗಳ ಮೇಲೆ ಸಿಟ್ಟು ಇದೆ. ಅದು ಸುಮ್ಮನೆ ಬಂದಿದ್ದಲ್ಲ. ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ, ರೊಕ್ಕ ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ನಮ್ಮ ಸುದ್ದಿ ನಾವೇ ಬರೀಬೇಕು ಅನ್ನೋದು ಆಗಿನಿಂದಲೇ ಬಂದ ಪಾಠ. ಅದು ಇವತ್ತಿಗೂ ಸರಿ. ಆದರೆ ನಮ್ಮವರಲ್ಲದವರು ನೆಟ್ಟಗೆ ಬರೆದಾಗ ಅದನ್ನ ಒಪ್ಪಿಕೊಳ್ಳೋಕೆ ನಾವು ಹಿಂಜರಿಯಬಾರದು. ಸ್ಥಳೀಯ ಪತ್ರಕರ್ತರ ಸ್ಥಿತಿಯೂ ನೋಡ್ರಿ. ಬಹಳಷ್ಟು ಮಂದಿಗೆ ಸಂಬಳ ಅನ್ನೋದು ಹೆಸರಿಗೆ, ಜಾಹೀರಾತು ತಂದರೆ ಕಮಿಷನ್. ಜಾಹೀರಾತು ಕೊಡೋರು ಯಾರು? ಅದೇ ಊರಿನ ಗೌಡರು, ಕಾಂಟ್ರಾಕ್ಟರು. ಹೊಲದ ಮಾಲಕರ ವಿರುದ್ಧ ಸ್ಮಶಾನದ ದಾರಿ ಬಗ್ಗೆ ಬರೆದವರು ಮರುದಿನ ಅದೇ ಊರಿನ ಚಹಾದಂಗಡಿಯಲ್ಲಿ ಕೂರಬೇಕು. ದೆಹಲಿಯವರು ಬರೆದು ಹೋಗ್ತಾರ, ಇವರು ಎಲ್ಲಿಗೆ ಹೋಗಬೇಕು? ಶ್ರೀ ಪಡ್ರೆಯವರು ತಮ್ಮ ಊರಲ್ಲೇ ಇದ್ದುಕೊಂಡು ಬರೆದರು ಅನ್ನೋದು ನನಗೆ ದೊಡ್ಡದಾಗಿ ಕಾಣೋದು ಅದಕ್ಕೇ.

ಈಗ ನಮ್ಮ ಊರಿನ ವಿಷಯ. ಶಾಲು ಹೊದಿಸೋ ದಿನ ಪತ್ರಕರ್ತರೇ ನಮಗೆ ಒಂದು ಮಾತು ಹೇಳಿದರು: "ನಾನು ಒಂದು ಸಲ ಬರ್ದೀನಿ. ಇನ್ನೊಂದು ಸಲ ಬರಿಬೇಕಂದ್ರ ನನ್ನ ಕೈಯಾಗ ಏನರ ಕೊಡ್ರಿ." ಅವರು ಕೇಳಿದ್ದು ಹಾರ ಅಲ್ಲ. ಅದಕ್ಕೆ ಕೂತು ಕೆಲಸ ಹಂಚಿಕೊಂಡಿದ್ದೇವೆ. ಒಬ್ಬರು ಗ್ರಾಮ ನಕ್ಷೆಯ ನಕಲು ತೆಗೆಸ್ತಾರೆ. ಹಳೆಯ ನಕ್ಷೆಯಲ್ಲಿ ಬಂಡಿ ದಾರಿ ಚುಕ್ಕೆ ಗೆರೆಯಲ್ಲಿ ಇದ್ದರೆ ಅದನ್ನ ಯಾರೂ ಉತ್ತು ಹಾಕೋ ಹಕ್ಕಿಲ್ಲ. ಇಲ್ಲದಿದ್ದರೆ ಬೇರೆ ದಾರಿಗೆ ಜಮೀನು ಖರೀದಿಸಿ ಅಂತ ಕೇಳಬೇಕಾಗ್ತದ, ಅದು ಬೇರೆಯೇ ಅರ್ಜಿ. ಈ ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲದೆಯೇ ನಾವು ಇಷ್ಟು ವರ್ಷ "ದಾರಿ ಕೊಡಿ" ಅಂತ ಅರ್ಜಿ ಕೊಟ್ಟೀವಿ, ಅದಕ್ಕೇ ಅವು ಎಲ್ಲೂ ಹತ್ತಲಿಲ್ಲ. ತಪ್ಪು ನಮ್ಮದೂ ಇದೆ, ಗುಮಾಸ್ತನಾದ ನನ್ನದಂತೂ ಹೆಚ್ಚೇ ಇದೆ.

ಎರಡನೇದು, ಸ್ಮಶಾನದ ಜಾಗದ ಪಹಣಿಯಲ್ಲಿ ಅದು ಯಾರ ಹೆಸರಿನಲ್ಲಿದೆ, ಎಷ್ಟು ಗುಂಟೆ ಅಂತ ನೋಡೋದು. ಮೂರನೇದು ನಮ್ಮ ಅಕ್ಕಂದಿರು ಮಾಡ್ತಿದ್ದಾರೆ. ಯಾವ ವರ್ಷ, ಯಾವ ತಿಂಗಳು, ಯಾರ ಮಣ್ಣಿಗೆ ಹೋದಾಗ ಹೊಲದವರು ತಡೆದರು, ಎಷ್ಟು ಹೊತ್ತು ಹೆಣ ಬದುವಿನ ಮೇಲೆ ಇಳಿಸಿ ಕೂತರು ಅಂತ ಮನೆ ಮನೆಗೆ ಕೇಳಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೀತಿದ್ದಾರೆ. ಕೇಳಿದಾಗ ಮೊದಲು ಯಾರೂ ಬಾಯಿ ಬಿಡಲಿಲ್ಲವಂತೆ. ಅದೂ ಒಂದು ನಾಚಿಕೆಯೇ. ಒಬ್ಬ ಅಜ್ಜಿ ತನ್ನ ಗಂಡನ ಮಣ್ಣಿನ ದಿನದ ಕಥೆ ಹೇಳಿದ ಮೇಲೆ ಉಳಿದವರು ಒಬ್ಬೊಬ್ಬರೇ ಬಂದರು. ಪಕ್ಕದೂರಿನಲ್ಲಿ ದಾರಿ ಇದೆ, ಅಲ್ಲಿ ಹೆಂಗೆ ಆಯ್ತು ಅಂತಾನೂ ಕೇಳಿ ಬರೋದಕ್ಕೆ ಇಬ್ಬರು ಹುಡುಗರು ಹೋಗಿದ್ದಾರೆ.

ನೋಟ್‌ಬುಕ್ಕು ಅರ್ಧ ತುಂಬಿದೆ. ಮುಂದಿನ ಭಾನುವಾರ ಸಂಜೆ ಬುದ್ಧ ವಿಹಾರದಲ್ಲಿ ಅದನ್ನ ಓದಿ ತಪ್ಪು ಸರಿ ಮಾಡ್ತೀವಿ. ಪತ್ರಕರ್ತರೂ ಬರ್ತೀನಿ ಅಂದಾರ. ನಕ್ಷೆ ನಕಲು ಸಿಕ್ಕ ದಿನ ಇಲ್ಲೇ ಹಾಕ್ತೀನಿ.